ಸೋಲಾರ್ ಬೇಲಿ ಸರಿಯಾಗಿ ಹೊಡೀತಿಲ್ಲ: ಮಷಿನ್ನಾ, ಅರ್ತಾ, ಗಿಡಾನಾ?

ಲೋಕೇಶ್, ಸಕಲೇಶಪುರ ಕಡೆ: ಸರ್, ಕಾಫಿ ತೋಟದ ಸುತ್ತ ಒಂದೂವರೆ ಕಿ.ಮೀ. ಸೋಲಾರ್ ಬೇಲಿ ಇದೆ. ಕಲ್ಲು ಕಂಬ, ನಾಲ್ಕು ತಂತಿ. ಬೇಸಿಗೇಲಿ ಚೆನ್ನಾಗಿತ್ತು. ಮಳೆ ಹಿಡಿದ ಮೇಲೆ ಟೆಸ್ಟರ್‌ನಲ್ಲಿ 2.3 ಕೆ.ವಿ. ಮಾತ್ರ ಬರ್ತಿದೆ, ಹಂದಿ ನುಗ್ತಿವೆ. ಮಷಿನ್ ಟಿಕ್ ಟಿಕ್ ಅಂತಾನೇ ಇದೆ. ಅಂಗಡಿಯವರು ದೊಡ್ಡ ಮಷಿನ್ ಹಾಕಿ ಅಂತಾರೆ. ಹಾಕಬೇಕಾ?

ಸದಾಶಿವ, ಬೇಲಿ ಸರ್ವಿಸ್: ಈಗಲೇ ದುಡ್ಡು ಕಟ್ಟಬೇಡಿ. ಮಷಿನ್ ಆಫ್ ಮಾಡಿ, ಬೇಲಿಗೆ ಹೋಗೋ ವೈರ್, ಅರ್ತ್ ವೈರ್ ಎರಡನ್ನೂ ಬಿಚ್ಚಿ. ಆಮೇಲೆ ಆನ್ ಮಾಡಿ ಮಷಿನ್ನಿನ ಎರಡು ಟರ್ಮಿನಲ್ ನಡುವೆ ಬೇಲಿ ಟೆಸ್ಟರ್ ಹಿಡಿದು ಎಷ್ಟು ಬರುತ್ತೆ ಹೇಳಿ. ಮನೆಯ ಮಲ್ಟಿಮೀಟರ್ ಹಿಡೀಬೇಡಿ. ಅದು ಇಷ್ಟು ಚಿಕ್ಕ ಹೊಡೆತವನ್ನ ಸರಿಯಾಗಿ ತೋರಿಸಲ್ಲ, ಸುಟ್ಟೂ ಹೋಗುತ್ತೆ.

ಮಂಜಣ್ಣ: ಬ್ಯಾಟರಿ ಹೋಗಿರುತ್ತೆ. ಮಳೆಗಾಲದಲ್ಲಿ ಪ್ಯಾನೆಲ್‌ಗೆ ಬಿಸಿಲೇ ಸಾಲಲ್ಲ. ಬ್ಯಾಟರಿ ಬದಲಾಯಿಸಿ, ಎಲ್ಲಾ ಸರಿ ಹೋಗುತ್ತೆ.

ಸದಾಶಿವ: ಮಂಜಣ್ಣ ಹೇಳೋದು ಅರ್ಧ ಸರಿ. ಬ್ಯಾಟರಿ ಇಳಿದರೆ ಹೊಡೆತ ಸಣ್ಣದಾಗುತ್ತೆ, ಕೆಲವು ಮಷಿನ್‌ಗಳಲ್ಲಿ ಟಿಕ್‌ಗಳ ನಡುವಿನ ಅಂತರ ಹೆಚ್ಚುತ್ತೆ. ಆದ್ರೆ ಹಾಗಾಗಿದ್ರೆ ವೈರ್ ಬಿಚ್ಚಿ ನೋಡಿದಾಗಲೂ ಕಡಿಮೆಯೇ ಬರಬೇಕು. ಅದಕ್ಕೇ ಮೊದಲು ಅದನ್ನ ನೋಡಿ ಅಂದಿದ್ದು.

ಲೋಕೇಶ್: ಬಿಚ್ಚಿ ನೋಡ್ದೆ ಸರ್, 8.4. ವಾಪಸ್ ಬೇಲಿಗೆ ಕೊಟ್ಟರೆ 2.3. ಬ್ಯಾಟರಿ 12.5 ವೋಲ್ಟ್ ಇದೆ.

ಸದಾಶಿವ: ಹಾಗಾದ್ರೆ ಮಷಿನ್ನೂ ಸರಿ, ಬ್ಯಾಟರಿಯೂ ಸರಿ. ಹೊಡೆತ ಹೊರಗೆ ಎಲ್ಲೋ ಸೋರ್ತಿದೆ. ಮೊದಲು ಅರ್ತ್ ನೋಡಿ, ಆಮೇಲೆ ಗಿಡ. ಅರ್ತ್ ಕೆಟ್ಟಿದ್ರೆ ಗಿಡ ಎಷ್ಟು ಸವರಿದ್ರೂ ಹಂದಿಗೆ ಪೂರಾ ಹೊಡೆತ ಬೀಳಲ್ಲ.

ಅರ್ತ್ ನೋಡೋದು ಹೀಗೆ. ಮಷಿನ್ ಆಫ್ ಮಾಡಿ. ಮಷಿನ್ನಿಂದ 100 ಮೀಟರ್‌ಗಿಂತ ದೂರದಲ್ಲಿ ಎರಡು ಮೂರು ಹಾರೆಯನ್ನ ನೆಲಕ್ಕೆ ಊರಿ, ಕರೆಂಟ್ ಇರೋ ತಂತಿಗೆ ಒರಗಿಸಿ. ಆನ್ ಮಾಡಿದಾಗ ಬೇಲಿ 2 ಕೆ.ವಿ.ಗಿಂತ ಕೆಳಗೆ ಇಳೀಬೇಕು, ಇಳೀದಿದ್ರೆ ಆಫ್ ಮಾಡಿ ಇನ್ನೊಂದು ಹಾರೆ ಒರಗಿಸಿ. ಈಗ ಮಷಿನ್ ಹತ್ರ ಬಂದು, ಟೆಸ್ಟರ್‌ನ ಕಡ್ಡಿಯನ್ನ ಕೊನೆಯ ಅರ್ತ್ ರಾಡಿನಿಂದ ಒಂದು ಮೀಟರ್ ಆಚೆ ನೆಲಕ್ಕೆ ಚುಚ್ಚಿ, ಇನ್ನೊಂದು ತುದಿಯನ್ನ ರಾಡಿಗೆ ಮುಟ್ಟಿಸಿ. 0.3ರ ಒಳಗೆ ಬಂದ್ರೆ ಅರ್ತ್ ಸರಿ. ಹೆಚ್ಚು ಬಂದ್ರೆ ಅಷ್ಟು ಹೊಡೆತ ನಿಮ್ಮ ರಾಡಿನಲ್ಲೇ ಕರಗ್ತಿದೆ, ತಂತಿಗೆ ಹೋಗ್ತಿಲ್ಲ ಅಂತ ಅರ್ಥ.

ಶೋಭಾ: ನಮ್ಮ ಊರಿನ ಗ್ರೂಪಲ್ಲಿ ಬಂದ ಮೆಸೇಜ್: "ಅರ್ತ್ ಗುಂಡಿಗೆ 5 ಕೆ.ಜಿ. ಉಪ್ಪು, ಇದ್ದಿಲು, ಸಗಣಿ ಹಾಕಿ ನೀರು ಬಿಡಿ, ಬೇಲಿ ಮೂರು ಪಟ್ಟು ಹೊಡೆಯುತ್ತೆ." ಮಾಡಬಹುದಾ ಸರ್?

ಸದಾಶಿವ: ಬೇಡಮ್ಮ. ಉಪ್ಪು ಹಾಕಿದ್ರೆ ಸ್ವಲ್ಪ ದಿನ ಮೀಟರ್ ಚೆನ್ನಾಗಿ ತೋರಿಸುತ್ತೆ. ಆಮೇಲೆ ಜಿ.ಐ. ರಾಡಿನ ಸತು ತಿಂದು ತುಕ್ಕು ಹಿಡಿಸುತ್ತೆ, ಮಳೆಗೆ ಉಪ್ಪು ತೊಳೆದೂ ಹೋಗುತ್ತೆ. ಒಂದು ರಾಡ್ ಜಾಸ್ತಿ ಹೊಡೆಯೋದೇ ಒಳ್ಳೇದು.

ಲೋಕೇಶ್: ಅರ್ತ್‌ನಲ್ಲಿ 1.1 ಬಂತು ಸರ್. ಇರೋದು ಒಂದೇ ರಾಡ್, ಮೂರು ಅಡಿ. ಷೆಡ್ ಹಿಂದೆ, ಜಂಬಿಟ್ಟಿಗೆ ಮಣ್ಣು.

ಸದಾಶಿವ: ಒಂದು ರಾಡ್ ಯಾವ ಮಣ್ಣಿಗೂ ಸಾಲಲ್ಲ, ಜಂಬಿಟ್ಟಿಗೆಗಂತೂ ಇಲ್ಲವೇ ಇಲ್ಲ. ಆರು ಅಡಿಯ ಜಿ.ಐ. ರಾಡ್ ಕನಿಷ್ಠ ಮೂರು, ನಿಮಗೆ ನಾಲ್ಕು ಹಾಕಿ. ಒಂದರಿಂದ ಒಂದಕ್ಕೆ ಹತ್ತು ಅಡಿ ಬಿಡಿ. ಹತ್ತಿರ ಹತ್ತಿರ ಹೊಡೆದರೆ ನಾಲ್ಕೂ ಸೇರಿ ಒಂದೇ ರಾಡಿನ ಕೆಲಸ ಮಾಡುತ್ತೆ. ಸೂರಿನ ನೀರು ಬೀಳೋ ಕಡೆ ಅಥವಾ ಚರಂಡಿ ಪಕ್ಕ, ಬೇಸಿಗೇಲೂ ತೇವ ಇರೋ ಜಾಗ ಹುಡುಕಿ. ಮನೆಯ ಅರ್ತ್, ಮೋಟರ್ ಅರ್ತ್‌ನಿಂದ ಕನಿಷ್ಠ 10 ಮೀಟರ್ ದೂರ ಇರಲಿ. ನಾಲ್ಕೂ ರಾಡಿಗೆ ಮಧ್ಯೆ ತುಂಡಾಗದ ಒಂದೇ ಜಿ.ಐ. ತಂತಿ ಎಳೆದು ಕ್ಲ್ಯಾಂಪ್‌ನಲ್ಲಿ ಬಿಗಿಯಿರಿ. ಸುತ್ತಿ ಬಿಟ್ಟರೆ ಆಗಲ್ಲ. ತಾಮ್ರದ ವೈರ್ ಬೇಡ, ಜಿ.ಐ. ಜತೆ ಸೇರಿದ ಕಡೆ ಬೇಗ ಕೊರೆದು ಹೋಗುತ್ತೆ.

ರಫೀಕ್: ನಮ್ಮಲ್ಲಿ ಬೋರ್‌ವೆಲ್ ಕೇಸಿಂಗ್ ಪೈಪಿಗೇ ಅರ್ತ್ ಕೊಟ್ಟಿದ್ದೇವೆ. 200 ಅಡಿ ಕಬ್ಬಿಣ ನೆಲದೊಳಗೆ ಇದೆ, ಇದಕ್ಕಿಂತ ಒಳ್ಳೆ ಅರ್ತ್ ಯಾವುದು? ಕೊಟ್ಟಿಗೆ ನಲ್ಲಿ ಮುಟ್ಟಿದ್ರೆ ಸ್ವಲ್ಪ ಚುರುಕ್ ಅನ್ನುತ್ತೆ ಅಷ್ಟೇ. ಹಸುಗಳು ನೀರು ಕುಡಿಯೋಕೆ ಹಿಂದೇಟು ಹಾಕ್ತಿವೆ.

ಸದಾಶಿವ: ರಫೀಕ್ ಅವರೇ, "ಅಷ್ಟೇ" ಅನ್ನಬೇಡಿ. ಇವತ್ತೇ ಮಷಿನ್ ಆಫ್ ಮಾಡಿ, ಕೇಸಿಂಗ್‌ನಿಂದ ಆ ವೈರ್ ತೆಗೀರಿ.

ಕೇಸಿಂಗ್ ಬರೀ ನೆಲದೊಳಗಿನ ಕಬ್ಬಿಣ ಅಲ್ಲ. ಅದರ ಬಾಯಿಗೆ ಪೈಪು ಬಿಗಿದಿದೆ, ಪೈಪಿನ ಕೆಳಗೆ ಮೋಟರ್ ಇದೆ, ಮೋಟರಿನ ಅರ್ತ್ ಸ್ಟಾರ್ಟರ್ ಪೆಟ್ಟಿಗೆಗೆ ಬಂದಿದೆ. ಬೇಲಿಯ ಹೊಡೆತ ಈಗ ಇವೆಲ್ಲದರ ಮೇಲೂ ಹೋಗ್ತಿದೆ. ಕಬ್ಬಿಣದ ಪೈಪು ಕೊಟ್ಟಿಗೆವರೆಗೆ ಇದ್ರೆ ನಲ್ಲಿಗೂ ಬರುತ್ತೆ. ಒದ್ದೆ ನೆಲದ ಮೇಲೆ ನಿಂತ ಹಸುವಿಗೆ ನಮಗಿಂತ ಜೋರಾಗಿ ತಾಗುತ್ತೆ, ಅದಕ್ಕೇ ಹಿಂದೇಟು ಹಾಕೋದು.

ನನಗೆ ಭಯ ಇರೋದು ಉಲ್ಟಾ ದಾರಿದು. ಮೋಟರಿನ ವೈಂಡಿಂಗ್ ಸೋರಿ ಬಾಡಿಗೆ ಕರೆಂಟ್ ಬಂತು, ಮೋಟರಿನ ಅರ್ತ್ ಕಳಚಿದೆ ಅಥವಾ ಸೊರಗಿದೆ ಅಂದುಕೊಳ್ಳಿ. ಆ ಕರೆಂಟ್ ಕೇಸಿಂಗ್‌ನಿಂದ ನಿಮ್ಮ ಅರ್ತ್ ವೈರ್ ಹಿಡಿದು ಮಷಿನ್ನಿಗೆ ಬಂದು, ಮಷಿನ್ ಒಳಗಿನ ಕಾಯಿಲ್ ದಾಟಿ ಇಡೀ ಬೇಲಿ ಮೇಲೆ ಕೂರುತ್ತೆ. ಬೇಲಿ ಮಷಿನ್ನಿನ ಹೊಡೆತ ಕಣ್ಣು ಮಿಟುಕಿಸೋದಕ್ಕಿಂತ ಚಿಕ್ಕದು, ಆಮೇಲೆ ಸುಮಾರು ಒಂದು ಸೆಕೆಂಡ್ ಬಿಡುವು ಇರುತ್ತೆ, ಕೈ ಎಳ್ಕೋಬಹುದು. ಲೈನಿನ ಕರೆಂಟ್ ಬಿಡುವು ಕೊಡಲ್ಲ, ಹಿಡಿದ ಕೈ ಬಿಡಿಸೋಕಾಗಲ್ಲ.

ಈಗ ಹೀಗೆ ಮಾಡಿ. ಬೇಲಿ ಮಷಿನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕೈಲಿ ನಲ್ಲಿಯನ್ನ ಪರೀಕ್ಷೆ ಮಾಡಿಸಿ. ನೀವು ಕೈಯಿಟ್ಟು ನೋಡಬೇಡಿ. ಬೇಲಿ ಆನ್ ಇದ್ದಾಗ ಮಾತ್ರ ಸೆಕೆಂಡಿಗೊಂದು ಚುರುಕ್ ಇದ್ದು ಆಫ್ ಮಾಡಿದಾಗ ಏನೂ ಇಲ್ಲದಿದ್ರೆ ಅದು ಬೇಲಿಯದು. ಬೇಲಿ ಆಫ್ ಇದ್ದರೂ, ಮೋಟರ್ ಓಡುವಾಗ ಬಿಡದೆ ಜುಂ ಅಂತಿದ್ರೆ ಮೋಟರ್ ಸೋರ್ತಿದೆ. ಸರಿ ಮಾಡಿಸೋವರೆಗೆ ಮೋಟರಿನ ಮೇನ್ ಹಾಕಬೇಡಿ. ಬೇಲಿಗೆ ಬೇರೆಯದೇ ರಾಡ್‌ಗಳು, ಮೇಲೆ ಲೋಕೇಶ್‌ಗೆ ಹೇಳಿದ ಹಾಗೆ.

ರಫೀಕ್: ಸರ್, ಆಫ್ ಮಾಡಿ ವೈರ್ ಬಿಚ್ಚಿದ್ದೇನೆ. ಎಲೆಕ್ಟ್ರಿಷಿಯನ್ ನಾಳೆ ಬರ್ತಾರೆ.

ಕಿರಣ್: ಬೇಲಿಗೆ ಸಬ್ಸಿಡಿ ಈಗ ಕೊಡ್ತಿದಾರಾ? ಅರ್ಜಿ ಎಲ್ಲಿ ಹಾಕೋದು?

ಮಂಜಣ್ಣ: ಇಷ್ಟೆಲ್ಲ ಯಾಕೆ ಕಷ್ಟ? ರಾತ್ರಿ ಮಾತ್ರ ಲೈನಿನಿಂದ ಒಂದು ಬಲ್ಬ್ ಮೂಲಕ ಬೇಲಿಗೆ ಕೊಟ್ಟರೆ ಹಂದಿ ಹತ್ರಕ್ಕೂ ಬರಲ್ಲ. ಬಲ್ಬ್ ಇರೋದ್ರಿಂದ ಸಾಯಲ್ಲ ಅಂತ ವಿಡಿಯೋ ಬಂದಿದೆ.

ಸದಾಶಿವ: ಆ ವಿಡಿಯೋ ಇಲ್ಲಿ ಹಾಕಬೇಡಿ, ಯಾರಿಗೂ ಕಳಿಸಬೇಡಿ. 100 ವಾಟ್ ಬಲ್ಬ್ ಅರ್ಧ ಆಂಪಿಯರ್ ಹತ್ರ ಬಿಡುತ್ತೆ, ಮನುಷ್ಯನನ್ನ ಕೊಲ್ಲೋಕೆ ಅದರ ಹತ್ತನೇ ಒಂದು ಭಾಗ ಸಾಕು. ನೀರು ಕಟ್ಟೋಕೆ ಬಂದ ಆಳು ಸಾಯ್ತಾನೆ. ಆನೆ ಸತ್ತರೆ ವನ್ಯಜೀವಿ ಕಾಯ್ದೆಯಲ್ಲಿ ಜೈಲು. ಇದರ ಬಗ್ಗೆ ಇನ್ನು ಚರ್ಚೆ ಬೇಡ.

ಮಂಜಣ್ಣ: ಕೇಳಿದ್ದಕ್ಕೆ ಇಷ್ಟು ಸಿಟ್ಟು ಯಾಕೆ?

ಲೋಕೇಶ್: ಸರ್, ನಾಲ್ಕು ರಾಡ್ ಹಾಕಿದ್ವಿ. ಅರ್ತ್ ಈಗ 0.2. ಆದ್ರೆ ಬೇಲಿ 2.9 ಮಾತ್ರ!

ಸದಾಶಿವ: ಅಷ್ಟೇ ಬರಬೇಕಾದ್ದು. ರಾಡಿನಲ್ಲಿ ಕರಗ್ತಿದ್ದದ್ದು ಸ್ವಲ್ಪ ತಂತಿಗೆ ಬಂತು, ಉಳಿದದ್ದನ್ನ ಗಿಡ ತಿಂತಿದೆ. ಬೇಲಿಯನ್ನ ಭಾಗ ಮಾಡೋಕೆ ಸ್ವಿಚ್ ಇದೆಯಾ?

ಲೋಕೇಶ್: ಎರಡು ಗೇಟ್ ಹತ್ರ ಕಟ್‌ಔಟ್ ಇದೆ. ಹಾಗಾಗಿ ಮೂರು ಭಾಗ.

ಸದಾಶಿವ: ಎರಡೂ ಆಫ್ ಮಾಡಿ, ಮೊದಲ ಭಾಗಕ್ಕೆ ಮಾತ್ರ ಕೊಟ್ಟು ಅಳೀರಿ. ಆಮೇಲೆ ಒಂದೊಂದೇ ಸೇರಿಸ್ತಾ ಬನ್ನಿ. ಪ್ರತಿ ಸಲ ಮಷಿನ್ ಹತ್ರವೇ ಅಳೀರಿ.

ಲೋಕೇಶ್: ಮೊದಲ ಭಾಗ 7.3. ಎರಡನೇದು ಸೇರಿಸಿದ್ರೆ 6.8. ಮೂರನೇದು ಸೇರಿಸಿದ ತಕ್ಷಣ 2.9.

ಸದಾಶಿವ: ಎಲ್ಲಾ ಮೂರನೇ ಭಾಗದಲ್ಲೇ ಇದೆ. ಅಲ್ಲಿ ನಾಲ್ಕು ತಂತಿಯನ್ನೂ ಜೋಡಿಸಿರೋ ತುಂಡು ವೈರ್ ಬಿಚ್ಚಿ, ಒಂದೊಂದೇ ತಂತಿಗೆ ಕೊಟ್ಟು ನೋಡಿ. ಕೆಳಗಿನದೇ ಸಿಗುತ್ತೆ ಅಂತ ನನ್ನ ಅಂದಾಜು. ಒಂದು ಹುಲ್ಲಿನ ಎಸಳು ಸೋರೋದು ಏನೂ ಅಲ್ಲ. ನೂರಾರು ಮೀಟರ್ ಉದ್ದಕ್ಕೆ ಒದ್ದೆ ಹುಲ್ಲು ತಾಗಿದ್ರೆ ಎಲ್ಲಾ ಸೇರಿ ಒಂದು ಹಾರೆ ಒರಗಿಸಿದ ಹಾಗೆ. ಆದ್ರೆ ಗಿಡ ಒಂದನ್ನೇ ನೋಡಬೇಡಿ. ಕತ್ತಲಾದ ಮೇಲೆ, ಮಳೆ ನಿಂತಾಗ ಬೇಲಿ ಉದ್ದಕ್ಕೂ ನಡೀರಿ. ಇನ್ಸುಲೇಟರ್ ಬಿರುಕು ಬಿಟ್ಟ ಕಡೆ ಸಣ್ಣ ನೀಲಿ ಕಿಡಿ ಕಾಣುತ್ತೆ, ಚಟ್ ಅನ್ನೋದು ಕೇಳುತ್ತೆ.

ಧನಂಜಯ: ಹುಲ್ಲಿಗೆ ಕಳೆನಾಶಕ ಹೊಡೆದ್ರೆ ಮುಗೀತು. ತಿಂಗಳಿಗೊಂದ್ಸಲ ಆಳು ಹಿಡಿದು ಸವರೋದು ಯಾರಿಂದ ಆಗುತ್ತೆ?

ಕಾವೇರಮ್ಮ, ಕೊಡಗು: ಇಳಿಜಾರಿನ ತೋಟದಲ್ಲಿ ಕಳೆನಾಶಕ ಹೊಡೆದ್ರೆ ಬೇಲಿ ಬುಡದ ಮಣ್ಣೇ ಕೊಚ್ಚಿ ಹೋಗುತ್ತೆ, ಕಂಬ ವಾಲುತ್ತೆ. ಕಾಫಿ ಗಿಡಕ್ಕೂ ಹಾರುತ್ತೆ. ಮಷಿನ್ನಲ್ಲಿ ಸವರಿ.

ಧನಂಜಯ: ನಿಮಗೆ ಆಳು ಸಿಗ್ತಾರೆ ಅಂತ ಎಲ್ಲರಿಗೂ ಸಿಗಲ್ಲ ಮೇಡಂ.

ಕಾವೇರಮ್ಮ: ನಮಗೂ ಸಿಗಲ್ಲ. ಅದಕ್ಕೇ ಮಳೆಗಾಲದಲ್ಲಿ ಕೆಳಗಿನ ತಂತಿಗೆ ಬೇರೆ ಸ್ವಿಚ್ ಇಟ್ಟು ಆಫ್ ಮಾಡ್ತೀವಿ. ಮೇಲಿನ ಮೂರಕ್ಕೆ ಪೂರಾ ಹೊಡೆತ ಸಿಗುತ್ತೆ.

ಧನಂಜಯ: ಹಂದಿ ನುಗ್ಗೋದೇ ಕೆಳಗಿಂದ! ಕೆಳಗಿನದನ್ನೇ ಆಫ್ ಮಾಡಿದ್ರೆ ಬೇಲಿ ಯಾಕೆ?

ಕಾವೇರಮ್ಮ: ನಮಗೆ ತೊಂದ್ರೆ ಆನೆಯದು, ಹಂದಿಯದಲ್ಲ. ಪೂರ್ತಿ ಓದಿ ಮಾತಾಡಿ.

ಸದಾಶಿವ: ಆನೆಗಾದ್ರೆ ಕಾವೇರಮ್ಮನವರದು ಸರಿ. ಹಂದಿಗಾದ್ರೆ ಕೆಳಗಿನ ತಂತಿ ಬೇಕೇ ಬೇಕು, ಸವರಲೇಬೇಕು. ಕಳೆನಾಶಕದ ಜಗಳ ಬೇರೆ ಕಡೆ ಮಾಡಿ. ಸವರುವಾಗ ಬೇಲಿ ಆಫ್ ಮಾಡಿ ಸವರಿ.

ಲೋಕೇಶ್: ಸಿಕ್ತು ಸರ್. ಕೆಳಗಿನ ತಂತಿಗೆ ಸುಮಾರು 150 ಮೀಟರ್ ಹುಲ್ಲು, ಲಂಟಾನ ಹತ್ತಿತ್ತು. ಸವರಿದ ಮೇಲೆ 5.4. ರಾತ್ರಿ ನಡೆದಾಗ ಮೂಲೆ ಕಂಬದಲ್ಲಿ ಕಿಡಿ ಕಂಡಿತು. ಅಲ್ಲಿ ಇನ್ಸುಲೇಟರ್ ಇಲ್ಲ, ಸೈಕಲ್ ಟ್ಯೂಬ್ ಸುತ್ತಿ ತಂತಿ ಕಟ್ಟಿದ್ರು, ಕಲ್ಲಿನ ಮೇಲೆ ಕಪ್ಪು ಗೆರೆ ಬಿದ್ದಿದೆ.

ಸದಾಶಿವ: ಟ್ಯೂಬಿನ ರಬ್ಬರಲ್ಲಿ ಇಂಗಾಲದ ಪುಡಿ ಇರುತ್ತೆ, ಇಷ್ಟು ವೋಲ್ಟೇಜನ್ನ ಅದು ತಡೆಯಲ್ಲ. ಒಣಗಿದಾಗ ಗೊತ್ತಾಗಲ್ಲ, ಒದ್ದೆ ಕಲ್ಲಿನ ಮೇಲೆ ಸೋರುತ್ತೆ. ಎಳೆತ ತಡೆಯೋ ಮೂಲೆ ಇನ್ಸುಲೇಟರ್ ಹಾಕಿ. ಗೇಟ್ ಕೆಳಗೆ ಹೂತ ವೈರ್ ಯಾವುದು? ಮನೆ ವೈರಿಂಗ್‌ದಾದ್ರೆ ಅದೂ ಸೋರುತ್ತೆ. ಬೇಲಿಗೇ ಅಂತ ಬರೋ ಡಬಲ್ ಇನ್ಸುಲೇಷನ್ ಕೇಬಲ್ ಹಾಕಿ.

ಲೋಕೇಶ್: ಇನ್ಸುಲೇಟರ್ ಹಾಕಿದ್ವಿ. ಮಧ್ಯಾಹ್ನ 6.5 ಬಂತು. ಬೆಳಗ್ಗೆ ಇಬ್ಬನಿ ಇದ್ದಾಗ 5.1. ಗೇಟ್ ವೈರ್ ಇನ್ನೂ ಅಗೆದು ನೋಡಿಲ್ಲ.

ಸದಾಶಿವ: ಬೆಳಗ್ಗೆಯ ಲೆಕ್ಕವೇ ನಿಜವಾದ್ದು, ಹಂದಿ ಬರೋದು ಆ ಹೊತ್ತಿಗೇ. ಆ ವ್ಯತ್ಯಾಸದಲ್ಲಿ ಎಷ್ಟು ಗೇಟ್ ವೈರಿನದು ಅಂತ ಅಗೆದ ಮೇಲೆ ಹೇಳಬಹುದು.

ಸುರೇಶ: ನನ್ನ ಬೇಲೀಲೂ 2 ಕೆ.ವಿ. ಬರ್ತಿದೆ. ಯಾವ ಮಷಿನ್ ತಗೊಳ್ಳಲಿ? ಡಬ್ಬದ ಮೇಲೆ 30 ಕಿ.ಮೀ. ಬರೆದಿರೋದು ಸಾಕಾ?

ಸದಾಶಿವ: ಮೇಲೆ ಓದಿ. ಆ ಕಿ.ಮೀ. ಹುಲ್ಲು ತಾಗದ ಒಂದೇ ತಂತಿಯ ಲೆಕ್ಕ. ನಾಲ್ಕು ತಂತಿ ಇದ್ರೆ ನಾಲ್ಕರಿಂದ ಭಾಗಿಸಿ, ಹುಲ್ಲಿದ್ರೆ ಆ ಲೆಕ್ಕವೂ ಇಲ್ಲ. ಮೊದಲು ಬಿಚ್ಚಿ ಅಳೀರಿ.

ಸುರೇಶ: ಅಳೆಯೋಕೆ ಟೆಸ್ಟರ್ ಇಲ್ಲ, ಅದಕ್ಕೇ ಕೇಳಿದ್ದು.

ಮಂಜಣ್ಣ: ಟೆಸ್ಟರ್ ಬೇಡ, ಹುಲ್ಲುಕಡ್ಡಿ ಹಿಡಿದು ನೋಡಿ.

ಸದಾಶಿವ: ಹುಲ್ಲುಕಡ್ಡಿ ಹೊಡೆಯುತ್ತೋ ಇಲ್ವೋ ಅಷ್ಟೇ ಹೇಳುತ್ತೆ. 3 ಇದೆಯಾ 7 ಇದೆಯಾ ಹೇಳಲ್ಲ. ಸುರೇಶ, ಹೊಸ ಮಷಿನ್ನಿನ ದುಡ್ಡಿನಲ್ಲಿ ಮೊದಲು ಬೇಲಿ ಟೆಸ್ಟರ್ ತಗೊಳ್ಳಿ, ಎರಡು ರಾಡ್ ತಗೊಳ್ಳಿ.