ಪದಚರ್ಚೆ: ‘ನಿರಪೇಕ್ಷ ಅಭಿಸರಣ’ ಸರಿಯೇ? ಇಂದು ಸಂಜೆಯೊಳಗೆ ಬೇಕು

ಅನುವಾದಕಿ:
ಗಣಿತ ಪಠ್ಯವೊಂದರ ಕರಡು ಇಂದು ಅಚ್ಚಿಗೆ ಹೋಗಬೇಕು. ದ್ವಿಶ್ರೇಣಿಯಲ್ಲಿ ಮೊತ್ತದ ಕ್ರಮ ಬದಲಿಸಲು ‘ನಿರಪೇಕ್ಷ ಅಭಿಸರಣ’ ಇರಬೇಕು ಎಂದು ಮೂಲದಲ್ಲಿದೆ. ಪದ ಭಾರವೆನಿಸಿ, ‘ಎರಡೂ ಕ್ರಮದಲ್ಲಿ ಮೊತ್ತ ಸಿಕ್ಕರೆ ಅದಲುಬದಲು ಮಾಡಬಹುದು’ ಎಂದು ಬರೆದಿದ್ದೇನೆ. ನಡೆಯುತ್ತದೆಯೇ?

ನುಡಿಪ್ರೇಮಿ:
ನಿರಪೇಕ್ಷ ಎಂದರೆ ಕನ್ನಡಿಗನಿಗೆ ಆಸೆಯಿಲ್ಲದವನು. ಸಂಖ್ಯೆಗಳಿಗೇಕೆ ಸನ್ಯಾಸ? ಅಭಿಸರಣವೂ ಅಭಿಸಾರಿಕೆಯ ಬಂಧು, ನಲ್ಲನನ್ನು ಅರಸಿ ಹೊರಟವಳು. ‘ತುಂಬು ಕೂಡಿಕೆ’ ಎನ್ನಿ.

ಹಳೆಯ ಮೇಷ್ಟ್ರು:
ಪದ ಹಾಗಿರಲಿ, ವಾಕ್ಯವೇ ತಪ್ಪು. ಕೊನೆಯಿಲ್ಲದ ಕೋಷ್ಟಕದ ಕರ್ಣದಲ್ಲೆಲ್ಲ 1, ಪ್ರತಿ 1ರ ಬಲಕ್ಕೆ −1, ಉಳಿದೆಡೆ ಸೊನ್ನೆ ಇಡಿ. ಪ್ರತಿ ಅಡ್ಡಸಾಲಿನ ಮೊತ್ತ 0, ಆದ್ದರಿಂದ ಒಟ್ಟು 0. ಕಂಬಸಾಲುಗಳಲ್ಲಿ ಮೊದಲನೆಯದು 1, ಉಳಿದವೆಲ್ಲ 0, ಒಟ್ಟು 1. ಎರಡೂ ಮೊತ್ತ ಸಿಕ್ಕಿವೆ, ಆದರೆ ಬೇರೆ ಬೇರೆ.

ಲೆಕ್ಕಿಗ:
ಮೂವತ್ತು ವರ್ಷ ಲೆಕ್ಕಪುಸ್ತಕ ಬರೆದಿದ್ದೇನೆ. ಅಡ್ಡ ಕೂಡಿದರೂ ಉದ್ದ ಕೂಡಿದರೂ ತಾಳೆಯಾಗದಿದ್ದರೆ ತಪ್ಪು ಬರೆದವನದು.

ಹಳೆಯ ಮೇಷ್ಟ್ರು:
ನಿಮ್ಮ ಪುಟಕ್ಕೆ ಕೊನೆಯಿದೆ.

ವಿದ್ಯಾರ್ಥಿ:
ಹಾಗಾದರೆ ಪ್ರತಿ ಅಡ್ಡಸಾಲೂ ನಿರಪೇಕ್ಷವಾಗಿ ಅಭಿಸರಿಸಿದರೆ ಸಾಕಲ್ಲವೇ, ಸಾರ್?

ಹಳೆಯ ಮೇಷ್ಟ್ರು:
ಸಾಲದು. ಇಲ್ಲಿ ಸಾಲಿಗೆ ಎರಡೇ ಸಂಖ್ಯೆ, ಋಣ ಚಿಹ್ನೆ ಅಳಿಸಿ ಕೂಡಿದರೆ 2. ಆದರೆ ಅಂಥ ಸಾಲುಗಳು ಮುಗಿಯುವುದಿಲ್ಲ, 2+2+2 ಎಂದು ಬೆಳೆಯುತ್ತಲೇ ಹೋಗುತ್ತದೆ. ಚಿಹ್ನೆ ಅಳಿಸಿದ ಮೇಲೆ ಇಡೀ ಕೋಷ್ಟಕದ ಮೊತ್ತ ಸಾಂತವಾಗಿರಬೇಕು. ಅದನ್ನು ಯಾವುದಾದರೂ ಒಂದು ಕ್ರಮದಲ್ಲಿ ಪರೀಕ್ಷಿಸಿದರೆ ಸಾಕು, ಧನ ಸಂಖ್ಯೆಗಳಿಗೆ ಕ್ರಮದ ಹಂಗಿಲ್ಲ.

ಮೋಸ ಎಲ್ಲಿದೆ ನೋಡಿ. ಮೊದಲ ನೂರು ಅಡ್ಡಸಾಲು ಕೂಡಿದಾಗ ನೂರನೆಯ ಸಾಲಿನ −1 ಒಳಗಿದೆ. ಅದು ಕುಳಿತಿರುವುದು ನೂರಾ ಒಂದನೆಯ ಕಂಬಸಾಲಿನಲ್ಲಿ, ಹಾಗಾಗಿ ಮೊದಲ ನೂರು ಕಂಬಸಾಲು ಕೂಡಿದಾಗ ಅದು ಹೊರಗೆ. ಎಷ್ಟು ದೂರ ಹೋದರೂ ಅಂಚಿನಲ್ಲೊಂದು −1 ಉಳಿಯುತ್ತದೆ, ಸಣ್ಣದಾಗುವುದಿಲ್ಲ. ನಿರಪೇಕ್ಷ ಅಭಿಸರಣವಿದ್ದರೆ ದೊಡ್ಡ ಚೌಕದ ಹೊರಗೆ ಉಳಿದದ್ದೆಲ್ಲ ಸೇರಿದರೂ ನಗಣ್ಯ, ಅಂಚಿನಲ್ಲಿ ಅವಿತುಕೊಳ್ಳಲು ಏನೂ ಇರುವುದಿಲ್ಲ.

ಅನುವಾದಕಿ:
ಹಾಗಾದರೆ ‘ಇದ್ದರೆ ಮಾತ್ರ ಬದಲಿಸಬಹುದು’ ಎನ್ನಲೇ?

ಹಳೆಯ ಮೇಷ್ಟ್ರು:
‘ಮಾತ್ರ’ ಬೇಡ! ಅದಿಲ್ಲದೆಯೂ ಎರಡು ಮೊತ್ತ ಸಮವಾಗುವುದುಂಟು. ಮೇಲಿನ ಕೋಷ್ಟಕದಲ್ಲೇ ಕರ್ಣದ ಪ್ರತಿ 1 ತೆಗೆದು 2 ಇಟ್ಟು, ಅದರ ಎಡಕ್ಕೂ ಒಂದು −1 ಸೇರಿಸಿದರೆ ಎರಡೂ ಕಡೆ 1. ಆದರೆ ಆಗ ಪ್ರತಿ ಸಲವೂ ಬೇರೆಯಾಗಿ ಸಾಧಿಸಬೇಕು.

ವೈಯಾಕರಣ:
ಅಪೇಕ್ಷೆಗೆ ಸಂಸ್ಕೃತದಲ್ಲಿ ಅವಲಂಬನೆ ಎಂಬ ಅರ್ಥವೂ ಇದೆ. ನಿರಪೇಕ್ಷ ಎಂದರೆ ಕ್ರಮವನ್ನು ಅವಲಂಬಿಸದ್ದು, ಹೆಸರು ಬಂದದ್ದೇ ಹಾಗೆ.

ಹಳೆಯ ಮೇಷ್ಟ್ರು:
ಅರ್ಥ ಚೆನ್ನಾಗಿ ಹೊಂದುತ್ತದೆ, ಹುಟ್ಟು ಅದಲ್ಲ. ಚಿಹ್ನೆ ಬಿಟ್ಟ ನಿರಪೇಕ್ಷ ಮೌಲ್ಯದಿಂದ ಬಂದ ಹೆಸರು.

ನುಡಿಪ್ರೇಮಿ:
ಕೊನೆಗೂ ಸಾಲದ ಪದವೇ! ‘ಮೊತ್ತ’, ‘ಸಾಲು’, ‘ಕಂಬ’ ಇವೆಲ್ಲ ಗಣಿತಕ್ಕೆ ಸಾಲುತ್ತವೆ, ಇದೊಂದಕ್ಕೆ ಮಾತ್ರ ಕನ್ನಡ ಬಡವೇ?

ವೈಯಾಕರಣ:
‘ಕಂಬ’ ಸ್ತಂಭದ ತದ್ಭವ. ಮುಂದುವರಿಸಿ.

ಅನುವಾದಕಿ:
‘ನಿರಪೇಕ್ಷ ಅಭಿಸರಣ’ ಎಂದೇ ಕಳುಹಿಸಿದೆ, ‘ಮಾತ್ರ’ ತೆಗೆದಿದ್ದೇನೆ. ಕಂಬದ ಜಗಳ ಹೊಸ ಎಳೆಯಲ್ಲಿ ನಡೆಸಿಕೊಳ್ಳಿ.