ಗ್ರೂಪ್ ಡಿಸ್ಕಷನ್‌ಗೆ ಕೂತಾಗ ನಮ್ಮ ಪರಿಚಯ ಎಷ್ಟು, ಹೇಗೆ?

ಪ್ರಶ್ನೆ (ಬಿಸಿಎ ಕೊನೆಯ ವರ್ಷದ ವಿದ್ಯಾರ್ಥಿನಿ, ಬದಿಯಡ್ಕ): ಮುಂದಿನ ವಾರ ಕಾಲೇಜಿಗೆ ಕಂಪನಿ ಬರ್ತದೆ. ಹತ್ತು ಜನರ ಜಿ.ಡಿ., ಮೊದಲು ಎಲ್ಲರೂ ಪರಿಚಯ ಹೇಳಬೇಕಂತೆ. ನಾನು ಬರೆದು ಬಾಯಿಪಾಠ ಮಾಡಿದ್ದು ಹೀಗೆ: ಹೆಸರು, ಅಪ್ಪ ಅಮ್ಮನ ಹೆಸರು ಮತ್ತು ಕೆಲಸ, ಎಸ್ಸೆಸ್ಸೆಲ್ಸಿ ಮತ್ತು ಪ್ಲಸ್ ಟು ಎಲ್ಲಿ, ಎಷ್ಟು ಶೇಕಡಾ, ಹವ್ಯಾಸ, ಸ್ಟ್ರೆಂತ್, ವೀಕ್‌ನೆಸ್, ಕೊನೆಗೆ ಪ್ರಾಜೆಕ್ಟ್ (ಅಡಿಕೆ ಅಂಗಡಿಗೆ ಸ್ಟಾಕ್ ಲೆಕ್ಕದ ಸಾಫ್ಟ್‌ವೇರ್). ಹೇಳಿ ಮುಗಿಸಲು ಒಂದು ನಿಮಿಷ ಹತ್ತು ಸೆಕೆಂಡು ಬೇಕು. ಸಾಕಾ? ಹತ್ತನೆಯವರೆಗೆ ಕನ್ನಡ ಮೀಡಿಯಂ ಅಂತಲೂ ಹೇಳಬೇಕಾ?

ಪ್ಲೇಸ್‌ಮೆಂಟ್ ತರಬೇತುದಾರ, ಕುಂಬಳೆ: ಸಾಕಾಗುವುದಲ್ಲ ತಂಗಿ, ಹೆಚ್ಚಾಯಿತು. ಹತ್ತು ಜನರೂ ಇಷ್ಟೇ ಹೊತ್ತು ತೆಗೆದುಕೊಂಡರೆ ಪರಿಚಯಕ್ಕೇ ಹನ್ನೆರಡು ನಿಮಿಷ ಹೋಗುತ್ತದೆ. ಚರ್ಚೆಗೆ ಸಾಮಾನ್ಯವಾಗಿ ಇರುವುದೇ ಹತ್ತರಿಂದ ಹದಿನೈದು ನಿಮಿಷ. ಹಾಗಾಗಿ ಅರ್ಧ ನಿಮಿಷ ದಾಟಿದ ಕೂಡಲೇ ನಡೆಸುವವರು ಗಡಿಯಾರ ನೋಡುತ್ತಾರೆ, ಕೆಲವರು ನಡುವೆಯೇ "ಓಕೆ, ನೆಕ್ಸ್ಟ್" ಎನ್ನುತ್ತಾರೆ. ನಿನ್ನಲ್ಲಿ ಹೇಳಲು ಯೋಗ್ಯವಾದ ಒಂದೇ ಒಂದು ವಿಷಯ ಆ ಅಡಿಕೆ ಅಂಗಡಿಯ ಪ್ರಾಜೆಕ್ಟ್. ಅದನ್ನೇ ನೀನು ಕೊನೆಗಿಟ್ಟಿದ್ದಿ. ಮಾತು ತುಂಡಾದರೆ ಮೊದಲು ಹೋಗುವುದು ಅದೇ.

ನೀನು ಬರೆದಿರುವುದು ಒಬ್ಬರೇ ಕೂತು ಉತ್ತರಿಸುವ ಇಂಟರ್‌ವ್ಯೂನ ಪರಿಚಯ. ಅಲ್ಲಿ ಕೇಳುವವರಿಗೆ ನಿನ್ನ ಬಗ್ಗೆ ತಿಳಿಯಬೇಕು. ಇಲ್ಲಿ ಎದುರಿನ ಒಂಬತ್ತು ಮಂದಿಗೆ ನಿನ್ನ ಹೆಸರು ಗೊತ್ತಾಗಬೇಕು, ಅಂಕ ಹಾಕುವವರಿಗೆ ಆ ಹೆಸರಿನ ಜೊತೆ ನೆನಪಿಡಲು ಒಂದು ಸಂಗತಿ ಸಿಗಬೇಕು, ಅಷ್ಟೇ. ಶೇಕಡಾ, ಎಸ್ಸೆಸ್ಸೆಲ್ಸಿ ಎಲ್ಲ ರೆಸ್ಯೂಮೆಯಲ್ಲಿ ಇದೆ. ಅಪ್ಪ ಅಮ್ಮನ ಹೆಸರು ಇಲ್ಲಿ ಬೇಡವೇ ಬೇಡ. ವೀಕ್‌ನೆಸ್ ಯಾರೂ ಕೇಳಿಲ್ಲ, ನೀನಾಗಿ ಯಾಕೆ ಹೇಳುತ್ತಿ?

ಉಳಿಯುವುದು ನಾಲ್ಕು: ಹೆಸರು, ಕೋರ್ಸು, ಊರು, ಪ್ರಾಜೆಕ್ಟ್. ಹೀಗೆ ಹೇಳಿ ನೋಡು (ಹೆಸರು ಶ್ರಾವ್ಯ ಅಂತ ಇಟ್ಟುಕೊಳ್ಳೋಣ):

"ಗುಡ್ ಮಾರ್ನಿಂಗ್ ಎವ್ರಿವನ್. ಐ ಆ್ಯಮ್ ಶ್ರಾವ್ಯ. ಐ ಆ್ಯಮ್ ಇನ್ ಫೈನಲ್ ಇಯರ್ ಬಿಸಿಎ. ಐ ಕಮ್ ಫ್ರಮ್ ಬದಿಯಡ್ಕ, ಇನ್ ಕಾಸರಗೋಡು ಡಿಸ್ಟ್ರಿಕ್ಟ್. ಫಾರ್ ಮೈ ಪ್ರಾಜೆಕ್ಟ್, ಐ ಮೇಡ್ ಎ ಸ್ಟಾಕ್ ರಿಜಿಸ್ಟರ್ ಫಾರ್ ಆ್ಯನ್ ಅರೆಕಾನಟ್ ಶಾಪ್ ವಿಚ್ ವಾಸ್ ಕೀಪಿಂಗ್ ಎವ್ರಿಥಿಂಗ್ ಇನ್ ನೋಟ್‌ಬುಕ್ಸ್. ಥ್ಯಾಂಕ್ ಯು."

ಅವಸರ ಮಾಡದೆ ಹೇಳಿದರೂ ಇಪ್ಪತ್ತೈದು ಸೆಕೆಂಡು ದಾಟುವುದಿಲ್ಲ. "ಮೈಸೆಲ್ಫ್ ಶ್ರಾವ್ಯ" ಎಂದು ಶುರು ಮಾಡಬೇಡ, ಅದು ತಪ್ಪು ಇಂಗ್ಲಿಷ್. "ಐ ಆ್ಯಮ್ ಹಾರ್ಡ್‌ವರ್ಕಿಂಗ್" ಎನ್ನುವ ಸಾಲೂ ಬೇಡ. ನಿನಗಿಂತ ಮೊದಲು ನಾಲ್ಕು ಜನ ಅದನ್ನೇ ಹೇಳಿರುತ್ತಾರೆ. ಅಡಿಕೆ ಅಂಗಡಿ ಮಾತ್ರ ನಿನ್ನದೊಬ್ಬಳದೇ.

ಐಟಿ ಉದ್ಯೋಗಿ, ಮಂಜೇಶ್ವರ: ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡ. ಜಿ.ಡಿ.ಯಲ್ಲಿ ಮೊದಲು ಬಾಯಿ ಬಿಟ್ಟವರಿಗೇ ಮಾರ್ಕ್ಸ್. ಟಾಪಿಕ್ ಕೊಟ್ಟ ಕೂಡಲೇ "ಹಲೋ ಫ್ರೆಂಡ್ಸ್, ಐ ಆ್ಯಮ್ ಸೋ ಆ್ಯಂಡ್ ಸೋ" ಅಂತ ಇನ್ನೊಮ್ಮೆ ಹೆಸರು ಹೇಳಿ ನೀನೇ ಶುರು ಮಾಡು.

ಪ್ಲೇಸ್‌ಮೆಂಟ್ ತರಬೇತುದಾರ, ಕುಂಬಳೆ: ಮೊದಲು ಶುರು ಮಾಡಿದವರು ಗಮನಕ್ಕೆ ಬರುತ್ತಾರೆ ಎನ್ನುವುದು ಹೌದು. ಆದರೆ ಆ ಮೊದಲ ಮಾತಿನಲ್ಲಿ ವಿಷಯ ಇರಬೇಕು. ಈಗಷ್ಟೇ ಹೆಸರು ಹೇಳಿದವರು ಮತ್ತೆ ಪರಿಚಯದಿಂದ ಶುರು ಮಾಡಿದರೆ, ಟಾಪಿಕ್ ಬಗ್ಗೆ ಹೇಳಲು ಏನೂ ಇಲ್ಲದೆ ಹೊತ್ತು ಕಳೆಯುತ್ತಿದ್ದಾರೆ ಅಂತಲೇ ಕಾಣುತ್ತದೆ. ಅಷ್ಟರಲ್ಲಿ ಪಕ್ಕದವರು ಮಾತು ಎತ್ತಿಕೊಂಡಿರುತ್ತಾರೆ.

ಎಚ್.ಆರ್., ಮೂಲ ಊರು ಪೆರ್ಲ: ಪರಿಚಯದ ಸುತ್ತೇ ಇಲ್ಲದೆ ನೇರ ಟಾಪಿಕ್ ಕೊಡುವುದೂ ಉಂಟು. ಆಗ ಮೊದಲ ಸಲ ಮಾತಾಡುವಾಗ "ಐ ಆ್ಯಮ್ ಶ್ರಾವ್ಯ" ಅಂತ ಮೂರು ಶಬ್ದ ಸೇರಿಸಿದರೆ ನನಗಂತೂ ಅನುಕೂಲ, ಪಟ್ಟಿಯಲ್ಲಿ ಹುಡುಕುವುದು ತಪ್ಪುತ್ತದೆ.

ಪ್ಲೇಸ್‌ಮೆಂಟ್ ತರಬೇತುದಾರ, ಕುಂಬಳೆ: ಎದೆಗೆ ನಂಬರ್ ಚೀಟಿ ಹಚ್ಚಿದ್ದರೆ ಅದೂ ಬೇಡ ಅಂತ ನನ್ನ ಅಭಿಪ್ರಾಯ ಮೇಡಂ. ಪ್ಯಾನೆಲ್‌ನವರು ಬರೆದುಕೊಳ್ಳುವುದು ಆ ನಂಬರನ್ನೇ ಅಲ್ವಾ?

ಎಚ್.ಆರ್., ಮೂಲ ಊರು ಪೆರ್ಲ: ಪ್ಯಾನೆಲ್‌ಗೆ ನಂಬರ್ ಸಾಕು. ಉಳಿದ ಅಭ್ಯರ್ಥಿಗಳಿಗೆ ಹೆಸರು ಬೇಕಲ್ಲ? "ನಂಬರ್ ಸೆವೆನ್ ಹೇಳಿದ ಹಾಗೆ" ಎನ್ನುವುದು ಚೆನ್ನಾಗಿರುವುದಿಲ್ಲ. ನಾನು ಹೇಳಿ ಎಂದೇ ಹೇಳುತ್ತೇನೆ.

ಇನ್ನೊಂದು ಮಾತು ತಂಗಿ. ಎಲ್ಲರೂ ಓಡಿಸಿಬಿಡುವುದು ತಮ್ಮ ಹೆಸರನ್ನೇ. ಹೇಳುವವರಿಗೆ ಅದು ದಿನಾ ಕೇಳಿದ ಶಬ್ದ, ಎದುರಿನವರಿಗೆ ಹೊಸತು. "ಐಯಾಮ್‌ಶ್ರಾವ್ಯಫೈನಲಿಯರ್" ಅಂತ ಒಂದೇ ಉಸಿರಿಗೆ ಬಂದರೆ ನಾವು ಬರೆದುಕೊಳ್ಳುವುದು "ಕಾವ್ಯ". "ಐ ಆ್ಯಮ್" ಆದಮೇಲೆ ಹೆಸರನ್ನು ಬಿಡಿಸಿ ಹೇಳು, ಅಲ್ಲೊಂದು ಉಸಿರು ನಿಲ್ಲು, ಆಮೇಲೆ ಮುಂದಿನದು. ಊರಿನ ಹೆಸರಿಗೂ ಹಾಗೇ. ಬೆಂಗಳೂರಿನಿಂದ ಬಂದವರಿಗೆ ಬದಿಯಡ್ಕ ಗೊತ್ತಿರುವುದಿಲ್ಲ, ಜಿಲ್ಲೆ ಸೇರಿಸಿದ್ದು ಒಳ್ಳೆಯದಾಯಿತು.

ಒಬ್ಬರು ತಂದೆ, ಉಪ್ಪಳ: ನನ್ನ ಮಗನದ್ದೂ ಇದೇ ತೊಂದರೆ ಸರ್. ಅವನಿಗೆ ಬ್ಯಾಂಕ್ ಇಂಟರ್‌ವ್ಯೂ, ಮೂರು ಜನ ಕೂತು ಕೇಳುವುದು. ಅಲ್ಲೂ ಇಪ್ಪತ್ತೈದು ಸೆಕೆಂಡೇನಾ?

ಪ್ಲೇಸ್‌ಮೆಂಟ್ ತರಬೇತುದಾರ, ಕುಂಬಳೆ: ಅಲ್ಲ ಅಣ್ಣ, ಅದು ಬೇರೆ. ಅಲ್ಲಿ ಒಂದರಿಂದ ಒಂದೂವರೆ ನಿಮಿಷ ಮಾತಾಡಬಹುದು, ಮನೆಯವರ ವಿಷಯವನ್ನೂ ಅವರು ಕೇಳಬಹುದು. ಇಲ್ಲಿನದನ್ನು ಅವನಿಗೆ ಹೇಳಬೇಡಿ.

ವಿದ್ಯಾರ್ಥಿನಿ: ತುಂಬ ಥ್ಯಾಂಕ್ಸ್ ಸರ್, ಅಕ್ಕ. ಬಾಯಿಪಾಠ ಮಾಡಿದ್ದು ನಡುವೆ ಮರೆತರೆ? ಮತ್ತೆ ಯಾರನ್ನು ನೋಡಿ ಹೇಳಬೇಕು?

ಪ್ಲೇಸ್‌ಮೆಂಟ್ ತರಬೇತುದಾರ, ಕುಂಬಳೆ: ವಾಕ್ಯ ಬಾಯಿಪಾಠ ಮಾಡಿದರೆ ಮರೆತೇ ಮರೆಯುತ್ತದೆ, ಯಾಕೆಂದರೆ ಒಂದು ಶಬ್ದ ತಪ್ಪಿದರೆ ಮುಂದಿನ ಸಾಲು ಸಿಗುವುದಿಲ್ಲ. ನಾಲ್ಕು ವಿಷಯ ಮಾತ್ರ ನೆನಪಿಡು. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡುತ್ತ ಪ್ರತಿ ಸಲ ಬೇರೆ ಬೇರೆ ವಾಕ್ಯದಲ್ಲಿ ಹೇಳಿ ಅಭ್ಯಾಸ ಮಾಡು. ಹತ್ತು ಸೆಕೆಂಡಿನದೂ ಒಂದು ಕೈಯಲ್ಲಿರಲಿ, ಕೆಲವರು "ಜಸ್ಟ್ ನೇಮ್ ಆ್ಯಂಡ್ ಕೋರ್ಸ್" ಎನ್ನುತ್ತಾರೆ. ಆಗ ಪ್ರಾಜೆಕ್ಟ್ ತುರುಕಬೇಡ. ಹೇಳಿದಷ್ಟು ಮಾಡುತ್ತಾರಾ ಎನ್ನುವುದನ್ನೂ ನೋಡುತ್ತಿರುತ್ತಾರೆ.

"ಗುಡ್ ಮಾರ್ನಿಂಗ್" ಪ್ಯಾನೆಲ್ ಕಡೆ ನೋಡಿ ಹೇಳು, ಹೆಸರಿನಿಂದ ಮುಂದಕ್ಕೆ ಗುಂಪಿನ ಕಡೆ ತಿರುಗು. ಟಾಪಿಕ್ ಶುರುವಾದ ಮೇಲೆ ಪ್ಯಾನೆಲ್ ಕಡೆ ನೋಡುವುದೇ ಬೇಡ.

ಇನ್ನು, ನಿನ್ನ ಸರದಿ ಬರುವವರೆಗೆ ನಿನ್ನದನ್ನೇ ಮನಸ್ಸಿನಲ್ಲಿ ಗುಣುಗುಡುತ್ತ ಕೂರಬೇಡ. ಹಾಳೆ ಪೆನ್ನು ಬಿಡುತ್ತಾರಾದರೆ ಕೂತ ಹಾಗೇ ಅರ್ಧ ವೃತ್ತ ಬರೆದು, ಒಬ್ಬೊಬ್ಬರ ಜಾಗದಲ್ಲಿ ಹೆಸರು ಗುರುತು ಹಾಕಿಕೋ. ಆಮೇಲೆ ಚರ್ಚೆಯಲ್ಲಿ "ಅಖಿಲ್ ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ" ಎನ್ನಲು ಬರುತ್ತದೆ. ನೀನು ಬೇರೆಯವರ ಮಾತು ಕೇಳಿಸಿಕೊಂಡಿದ್ದಿ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹಾಳೆ ಇಲ್ಲದಿದ್ದರೆ ಎಡಬಲದ ಇಬ್ಬರು, ಎದುರಿನ ಒಬ್ಬರು ನೆನಪಿದ್ದರೂ ಸಾಕು.

ನಿವೃತ್ತ ಕನ್ನಡ ಅಧ್ಯಾಪಕಿ, ನೀರ್ಚಾಲು: ಕನ್ನಡ ಮೀಡಿಯಂ ವಿಷಯ ಯಾರೂ ಹೇಳಲಿಲ್ಲ. ಧೈರ್ಯವಾಗಿ ಹೇಳಲಿ. ನಮ್ಮ ಮಕ್ಕಳಿಗೆ ಕನ್ನಡ, ತುಳು, ಮಲಯಾಳ ಮೂರೂ ಬರುತ್ತದೆ, ಅದೇನು ಕಡಿಮೆಯೇ?

ಎಚ್.ಆರ್., ಮೂಲ ಊರು ಪೆರ್ಲ: ಕಸ್ಟಮರ್ ಸಪೋರ್ಟ್‌ನಂಥ ಕೆಲಸವಾದರೆ ಟೀಚರ್ ಹೇಳಿದ ಭಾಷೆಗಳ ಸಾಲು ನಿಜಕ್ಕೂ ತೂಕದ್ದು. ಊರಿನ ಹೆಸರಾದ ಮೇಲೆ "ಐ ಸ್ಪೀಕ್ ಕನ್ನಡ, ತುಳು ಆ್ಯಂಡ್ ಮಲಯಾಳಂ" ಅಂತ ಸೇರಿಸಬಹುದು. ಬರೀ ಕೋಡಿಂಗ್ ಕೆಲಸಕ್ಕೆ ಪ್ರಾಜೆಕ್ಟ್ ಸಾಕು. ಆದರೆ "ಸಾರಿ, ಐ ಆ್ಯಮ್ ಫ್ರಮ್ ಕನ್ನಡ ಮೀಡಿಯಂ" ಎಂದು ಕ್ಷಮೆ ಕೇಳುವ ಹಾಗೆ ಮಾತ್ರ ಬೇಡ. ಅದನ್ನು ಕೇಳಿದ ಮೇಲೆ ನಮ್ಮ ಕಿವಿ ತಾನಾಗಿ ತಪ್ಪು ಹುಡುಕಲು ಶುರು ಮಾಡುತ್ತದೆ.

ಪ್ಲೇಸ್‌ಮೆಂಟ್ ತರಬೇತುದಾರ, ಕುಂಬಳೆ: ಟೀಚರ್, ಮೀಡಿಯಂ ಹೇಳುವುದರಲ್ಲಿ ನಾಚಿಕೆಯ ಪ್ರಶ್ನೆ ಇಲ್ಲ. ಇಪ್ಪತ್ತೈದು ಸೆಕೆಂಡಿನಲ್ಲಿ ಜಾಗ ಇಲ್ಲ, ಅಷ್ಟೇ ನನ್ನ ವಾದ.

ನಿವೃತ್ತ ಕನ್ನಡ ಅಧ್ಯಾಪಕಿ, ನೀರ್ಚಾಲು: "ಗುಡ್ ಮಾರ್ನಿಂಗ್ ಎವ್ರಿವನ್"ಗೆ ಜಾಗ ಉಂಟಲ್ಲ ಮಾಷೆ. ನಾನು ಒಪ್ಪುವುದಿಲ್ಲ.

ವಿದ್ಯಾರ್ಥಿನಿ: ಕಂಪನಿಯವರು ಕಳಿಸಿದ್ದರಲ್ಲಿ ಟೆಕ್ನಿಕಲ್ ಸಪೋರ್ಟ್ ಅಂತ ಉಂಟು ಅಕ್ಕ. ಭಾಷೆಯ ಸಾಲು ಸೇರಿಸಿ ಈಗ ರೆಕಾರ್ಡ್ ಮಾಡಿದೆ, ಇಪ್ಪತ್ತೇಳು ಸೆಕೆಂಡು ಬಂತು.