ಪದಚರ್ಚೆ: ಲಿಫ್ಟ್, ಗಾಮಾ, ಗೇನ್ – ಮಾತಿಗೆ ಎಷ್ಟು ಸಿಗುತ್ತದೆ, ಪರದೆಗೆ ಎಷ್ಟು ಬಿಡಬೇಕು?

ಪ್ರಶ್ನೆ

ಬಳಗದವರಿಗೆ ನಮಸ್ಕಾರ. ವಿಡಿಯೋ ಎಡಿಟಿಂಗ್ ಕಲಿಯುವವರಿಗಾಗಿ ಕಲರ್ ಗ್ರೇಡಿಂಗ್, ಅಂದರೆ ಚಿತ್ರದ ಬೆಳಕು ಬಣ್ಣ ತಿದ್ದುವ ಕೆಲಸದ ಬಗ್ಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಅಚ್ಚಾಗುವುದು ಕಪ್ಪು ಬಿಳುಪಿನಲ್ಲಿ. ಬಣ್ಣದ ಚಿತ್ರ ಹಾಕುವಂತಿಲ್ಲ, ಆದಷ್ಟೂ ಮಾತಿನಲ್ಲೇ ಹೇಳಬೇಕು. ಲಿಫ್ಟ್, ಗಾಮಾ, ಗೇನ್ ಮೂರಕ್ಕೂ ‘ನೆರಳು’, ‘ನಡು’, ‘ಬೆಳಕು’ ಎಂದು ಬರೆದುಕೊಂಡಿದ್ದೇನೆ. ಸ್ಯಾಚುರೇಶನ್ ಕಮ್ಮಿ ಮಾಡುವುದಕ್ಕೆ ‘ಬಣ್ಣ ತಿಳಿ ಮಾಡುವುದು’. ಇವು ನಿಲ್ಲುತ್ತವೆಯಾ?

ಇನ್ನೊಂದು ವಿಷಯ. ಕ್ವಾಲಿಫೈಯರ್‌ನಿಂದ ಮೈಬಣ್ಣವನ್ನು ಮಾತ್ರ ಆರಿಸಿಕೊಳ್ಳುವ ಬಗೆಯನ್ನು ಎರಡು ಪುಟ ವಿವರಿಸಿದ್ದೇನೆ. ಓದಿದವರು ‘ಕಣ್ಣಿಗೆ ಕಟ್ಟುವುದಿಲ್ಲ’ ಅಂದರು. ಇದನ್ನು ಬರೆದು ತಿಳಿಸಲು ಆಗುತ್ತದಾ, ಅಥವಾ ಸಾಫ್ಟ್‌ವೇರ್ ಎದುರು ಕೂತೇ ಕಲಿಯಬೇಕಾ?

ಉತ್ತರ: ಎಡಿಟಿಂಗ್ ಮಾಡುವವರೊಬ್ಬರು

ಮೇಡಂ, ನಿಮ್ಮ ಪದಗಳು ಚೆನ್ನಾಗಿವೆ, ಹಾಗೇ ಇಡಿ. ಲಿಫ್ಟ್ ತಿರುಗಿಸಿದರೆ ಕಪ್ಪು ಭಾಗ ಮಾತ್ರ ಬದಲಾಗುತ್ತದೆ, ಗಾಮಾ ನಡುವಿನದನ್ನು ಮಾತ್ರ, ಗೇನ್ ಬಿಳಿ ಭಾಗವನ್ನು ಮಾತ್ರ. ಇದೊಂದೇ ಸಾಕು. ಮಿಕ್ಕಿದ್ದೆಲ್ಲ ಕಣ್ಣಿನ ಕೆಲಸ. ಬರೆದು ಪ್ರಯೋಜನ ಇಲ್ಲ, ಲೈವ್ ಪ್ರಿವ್ಯೂ ಬೇಕೇ ಬೇಕು.

ಉತ್ತರ: ಕಲರಿಸ್ಟ್ ಒಬ್ಬರು

ಮೇಲಿನ ‘ಮಾತ್ರ’ ಎನ್ನುವುದನ್ನು ನಾನು ಒಪ್ಪುವುದಿಲ್ಲ ಸರ್. ಪ್ರತಿಯೊಂದಕ್ಕೂ ಜಾಸ್ತಿ ಜೋರು ಇರುವ ಜಾಗ ಇದೆ, ಅಷ್ಟು ಸರಿ. ಆದರೆ ಮೂರೂ ಒಂದರ ಮೇಲೊಂದು ಹಾಯುತ್ತವೆ. ಕೈಪಿಡಿಯಲ್ಲಿ ಇದನ್ನೇ ಲೆಕ್ಕದಿಂದ ತೋರಿಸಬಹುದು, ಚಿತ್ರವೇ ಬೇಡ.

ಕಪ್ಪು 0, ಬಿಳಿ 1 ಅಂದುಕೊಳ್ಳಿ. ನಡುವೆ 0.5 ಇರುವ ಒಂದು ಬೂದು. ಅದನ್ನು 0.6ಕ್ಕೆ ಏರಿಸಬೇಕು. ಮೂರು ದಾರಿಯಲ್ಲೂ ಆಗುತ್ತದೆ. ಲಿಫ್ಟನ್ನು 0.2 ಎತ್ತಿದರೆ ಬಿಳಿ 1ರಲ್ಲೇ ನಿಂತಿರುತ್ತದೆ, ಬೂದು 0.6 ಆಗುತ್ತದೆ, ಕಪ್ಪು 0.2ಕ್ಕೆ ಏರಿ ಮಬ್ಬಾಗುತ್ತದೆ. ಗೇನನ್ನು 1.2 ಮಾಡಿದರೆ ಕಪ್ಪು ಅಲ್ಲಾಡುವುದಿಲ್ಲ, ಬೂದು ಅದೇ 0.6, ಆದರೆ ಬಿಳಿ 1.2ಕ್ಕೆ ಹೋಗುತ್ತದೆ. ಪರದೆಯಲ್ಲಿ 1ರ ಮೇಲೆ ಜಾಗ ಇಲ್ಲ. ಹಾಗಾಗಿ ಮೋಡದ ವಿವರವೆಲ್ಲ ಒಂದೇ ಬಿಳಿಯಾಗಿ ಚಪ್ಪಟೆಯಾಗುತ್ತದೆ. ಗಾಮಾದಲ್ಲಿ ಎರಡೂ ತುದಿ ನಿಂತಿರುತ್ತವೆ, ಅವುಗಳ ನಡುವಿನದೆಲ್ಲ ಬಾಗುತ್ತದೆ. 0.5ನ್ನು 0.74ರ ಘಾತಕ್ಕೆ ಏರಿಸಿದರೆ ಸರಿಸುಮಾರು 0.6 ಬರುತ್ತದೆ. ಅದೇ ಲೆಕ್ಕದಲ್ಲಿ 0.05 ಇದ್ದ ಕಡುನೆರಳು 0.11 ಆಗುತ್ತದೆ, ಅಂದರೆ ಎರಡು ಪಟ್ಟಿಗಿಂತ ಜಾಸ್ತಿ. ಗಾಮಾ ನಡುವನ್ನು ಮಾತ್ರ ಮುಟ್ಟುತ್ತದೆ ಅಂದವರು ನೆರಳಿನಲ್ಲಿ ಯಾಕೆ ನಾಯ್ಸ್ ಎದ್ದು ಕಂಡಿತು ಎಂದು ಆಮೇಲೆ ತಲೆ ಕೆಡಿಸಿಕೊಳ್ಳುತ್ತಾರೆ.

ಸಾಫ್ಟ್‌ವೇರ್‌ನಿಂದ ಸಾಫ್ಟ್‌ವೇರ್‌ಗೆ ಲೆಕ್ಕ ಸ್ವಲ್ಪ ಬೇರೆ ಇರಬಹುದು. ಆದರೆ ಯಾವ ತುದಿ ನಿಲ್ಲುತ್ತದೆ, ಯಾವುದು ಓಡುತ್ತದೆ ಎನ್ನುವುದೇ ವಿಷಯ. ಇದನ್ನು ಮಾತಿನಲ್ಲಿ ಪೂರ್ತಿ ಹೇಳಬಹುದು. ಎಎಸ್‌ಸಿ ಸಿಡಿಎಲ್ ಎಂಬ ಪದ್ಧತಿ ಇದೇ ನಂಬಿಕೆಯ ಮೇಲೆ ನಿಂತಿದೆ. ಅದರಲ್ಲಿ ಸ್ಲೋಪ್, ಆಫ್‌ಸೆಟ್, ಪವರ್ ಮೂರೂ ಕೆಂಪು, ಹಸಿರು, ನೀಲಿಗೆ ಒಂದೊಂದು, ಜೊತೆಗೆ ಒಂದು ಸ್ಯಾಚುರೇಶನ್. ಒಟ್ಟು ಹತ್ತು ಸಂಖ್ಯೆಯಲ್ಲಿ ಒಂದು ಮೂಲ ಗ್ರೇಡನ್ನು ಶೂಟಿಂಗ್ ಜಾಗದಿಂದ ಸ್ಟುಡಿಯೋಗೆ ಕಳಿಸುತ್ತಾರೆ. ನಿಮ್ಮ ಪದಗಳ ಬದಲು ನಾನು ‘ಕಪ್ಪು ಎತ್ತುವುದು’, ‘ನಡು ಬಾಗಿಸುವುದು’, ‘ಬಿಳಿ ಎಳೆಯುವುದು’ ಅನ್ನುತ್ತೇನೆ. ಕೆಲಸ ಕಾಣುತ್ತದೆ.

ಉತ್ತರ: ಕಿರುಚಿತ್ರ ಮಾಡುವವರೊಬ್ಬರು

ನನ್ನದೂ ಇದೇ ಸಮಸ್ಯೆ! ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಕಂಡ ಚಿತ್ರ ಫೋನಿನಲ್ಲಿ ಹಳದಿಯಾಗಿ ಕಾಣುತ್ತದೆ. ಇದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆ? ಲಿಫ್ಟ್ ಇಳಿಸಿದರೆ ಸರಿ ಹೋಗುತ್ತದಾ?

ಉತ್ತರ: ಅದೇ ಕಲರಿಸ್ಟ್

ಅದು ಗ್ರೇಡಿನ ದೋಷ ಆಗಿರಲೇಬೇಕು ಅಂತಿಲ್ಲ. ಫೋನಿನ ನೈಟ್ ಮೋಡ್ ಮೊದಲು ಆಫ್ ಮಾಡಿ ನೋಡಿ. ಆಮೇಲೆ ಲ್ಯಾಪ್‌ಟಾಪ್ ಪರದೆಯ ಕ್ಯಾಲಿಬ್ರೇಶನ್. ಮೇಡಂ ಕೇಳಿದ್ದು ಬೇರೆ.

ಉತ್ತರ: ಪದಗಳ ಬಗ್ಗೆ ಒಂದು ಮಾತು

ನಾನು ಗ್ರೇಡಿಂಗ್ ಮಾಡಿದವನಲ್ಲ, ‘ತಿಳಿ’ ಬಗ್ಗೆ ಮಾತ್ರ ಬರೆಯುತ್ತೇನೆ. ‘ತಿಳಿನೀಲಿ’ ಅಂದಾಗ ನಮಗೆ ಬೆಳಕು ಜಾಸ್ತಿ ಇರುವ ನೀಲಿಯೂ ಹೊಳೆಯುತ್ತದೆ, ಬಣ್ಣ ಕಮ್ಮಿ ಇರುವ ನೀಲಿಯೂ ಹೊಳೆಯುತ್ತದೆ. ನೀರಿಗೆ ‘ತಿಳಿ’ ಅಂದರೆ ಕದಡದೆ ಇರುವುದು, ಅಲ್ವಾ? ಹೀಗಿರುವಾಗ ಕಲಿಯುವವರು ಗೇನ್ ಏರಿಸಬೇಕಾ, ಸ್ಯಾಚುರೇಶನ್ ಇಳಿಸಬೇಕಾ ಎಂದು ಗೊಂದಲಕ್ಕೆ ಬೀಳುತ್ತಾರೆ. ‘ಮಂಕು’ ಪದದ್ದೂ ಇದೇ ಗತಿ. ಬೆಳಕು ಸಾಲದ್ದಕ್ಕೂ ಮಂಕು, ಬಣ್ಣ ಸಾಲದ್ದಕ್ಕೂ ಮಂಕು, ಕಾಂಟ್ರಾಸ್ಟ್ ಸಾಲದ್ದಕ್ಕೂ ಮಂಕು. ಸ್ಯಾಚುರೇಶನ್ನಿಗೆ ‘ಬಣ್ಣದ ಗಾಢತೆ’ ಎಂದಿಟ್ಟು, ಕಮ್ಮಿಯಾದರೆ ‘ಬೂದಿನ ಕಡೆಗೆ ಹೋಯಿತು’ ಅನ್ನಿ. ‘ಬಿಳಿಯ ಕಡೆಗೆ’ ಅನ್ನಬೇಡಿ.

ಮತ್ತೆ ಕೇಳಿದವರು

ಬೂದಿನ ಕಡೆಗೆ, ಬಿಳಿಯ ಕಡೆಗೆ: ಈ ವ್ಯತ್ಯಾಸ ನನಗೆ ತುಂಬ ಹಿಡಿಸಿತು, ತಗೊಂಡೆ. ಕ್ವಾಲಿಫೈಯರ್ ಮಾತು ಉಳಿಯಿತು.

ಉತ್ತರ: ಕಲರಿಸ್ಟ್

ಮೇಡಂ, ಅದರಲ್ಲಿ ಅರ್ಧ ಬರೆಯಬಹುದು. ಮೈಬಣ್ಣ, ಬಣ್ಣ ಅಳೆದು ತೋರಿಸುವ ವೆಕ್ಟರ್‌ಸ್ಕೋಪಿನಲ್ಲಿ ಕೆಂಪಿಗೂ ಹಳದಿಗೂ ನಡುವಿನ ಒಂದು ಗೆರೆಯ ಆಸುಪಾಸಿಗೆ ಬೀಳುತ್ತದೆ, ಕಪ್ಪು ಮೈಯಾಗಲಿ ಬಿಳಿ ಮೈಯಾಗಲಿ. ಇದನ್ನು ಓದಿಯೇ ತಿಳಿಯಬಹುದು.

ಆರಿಸುವ ಕೆಲಸ ಹಾಗಲ್ಲ. ಮರದ ಬಾಗಿಲ ಮುಂದೆ ಒಬ್ಬರು ನಿಂತಿದ್ದಾರೆ ಅಂದುಕೊಳ್ಳಿ. ಮರದ ಕಂದು ಮತ್ತು ಮೈಬಣ್ಣ ಹ್ಯೂನಲ್ಲಿ ಹತ್ತಿರ ಹತ್ತಿರ. ಆರಿಸುವ ಬಣ್ಣದ ಹರವು ಅಗಲ ಮಾಡಿದರೆ ಬಾಗಿಲು ಒಳಗೆ ಬರುತ್ತದೆ. ಕಿರಿದು ಮಾಡಿದರೆ ಹಣೆಯ ಹೊಳಪು ಹೊರಗೆ ಬೀಳುತ್ತದೆ, ಏಕೆಂದರೆ ಹೊಳಪಿನಲ್ಲಿ ಬಣ್ಣ ಕಮ್ಮಿ. ನಿಲ್ಲಿಸಿದ ಫ್ರೇಮಿನಲ್ಲಿ ಒಂದು ಸರಿಯಾದ ಜಾಗ ಸಿಕ್ಕಿತು ಅನ್ನಿಸುತ್ತದೆ. ಪ್ಲೇ ಮಾಡಿದ ಕೂಡಲೇ ಕೆನ್ನೆಯ ಅಂಚು ಮಿಣುಕುತ್ತದೆ, ಫ್ರೇಮಿನಿಂದ ಫ್ರೇಮಿಗೆ ಸ್ವಲ್ಪ ಒಳಗೆ, ಸ್ವಲ್ಪ ಹೊರಗೆ. ಸಾಮಾನ್ಯ ಕ್ಯಾಮೆರಾಗಳ 4:2:0 ಫೈಲಿನಲ್ಲಿ ನಾಲ್ಕು ಪಿಕ್ಸೆಲ್‌ಗೆ ಬಣ್ಣದ ಮಾಹಿತಿ ಒಂದೇ. ಬಣ್ಣದ ಅಂಚು ಮೊದಲೇ ಒರಟು, ಅದರ ಮೇಲೆ ನಾಯ್ಸ್ ಬೇರೆ.

ಡಾವಿಂಚಿ ರಿಸಾಲ್ವ್‌ನಲ್ಲಿ `Shift+H` ಒತ್ತಿದರೆ ಆರಿಸಿದ ಭಾಗ ಮಾತ್ರ ಕಾಣುತ್ತದೆ. ಆಗ ಪ್ಲೇ ಮಾಡಿ, ಅಂಚನ್ನು ನೋಡುತ್ತಾ ಸಾಫ್ಟ್‌ನೆಸ್ ಏರಿಸಬೇಕು. ಎಷ್ಟು? ಆ ಸಂಖ್ಯೆ ಈ ಶಾಟಿಗೆ ಮಾತ್ರ ಸರಿ. ಪಕ್ಕದ ಶಾಟಿನಲ್ಲಿ ಬೆಳಕು ಒಂಚೂರು ಬದಲಾದರೂ ಅದು ಕೆಲಸಕ್ಕೆ ಬರುವುದಿಲ್ಲ. ಕೈಪಿಡಿಯಲ್ಲಿ ಸಂಖ್ಯೆ ಬರೆಯಬೇಡಿ. ಬಾಗಿಲು ಒಳಗೆ ಬಂದಿದೆಯಾ, ಹಣೆಯಲ್ಲಿ ತೂತು ಬಿದ್ದಿದೆಯಾ, ಅಂಚು ಮಿಣುಕುತ್ತಿದೆಯಾ ಎಂಬ ಮೂರು ಪ್ರಶ್ನೆ ಬರೆಯಿರಿ. ಮುಖದ ಸುತ್ತ ವಿಂಡೋ ಹಾಕಿ ಟ್ರ್ಯಾಕ್ ಮಾಡಿದರೆ ಬಾಗಿಲ ಕಾಟ ಹೋಗುತ್ತದೆ. ಅದನ್ನೂ ಒಂದು ಸಾಲು ಸೇರಿಸಿ.

ಉತ್ತರ: ಮೊದಲ ಎಡಿಟರ್

ನೆರಳಿನ ಲೆಕ್ಕ ಒಪ್ಪಿದೆ ಸರ್. ಆದರೂ ಹೊಸಬರಿಗೆ ಶುರುವಿನಲ್ಲಿ ‘ನೆರಳು, ನಡು, ಬೆಳಕು’ ಅನ್ನುವುದೇ ಸುಲಭ. ಎತ್ತುವುದು ಬಾಗಿಸುವುದೆಲ್ಲ ಎರಡನೇ ಪಾಠಕ್ಕೆ ಇಡಬಹುದು.

ಕೇಳಿದವರು

ಮೊದಲನೇ ಪಾಠದಲ್ಲೇ ತಪ್ಪು ಚಿತ್ರ ಕೂತರೆ ಕೀಳುವುದು ಕಷ್ಟ. ಹಾಗಾಗಿ ಎತ್ತು, ಬಾಗಿಸು, ಎಳೆ ಎಂದೇ ಹಾಕುತ್ತೇನೆ, 0.5ರ ಲೆಕ್ಕದ ಜೊತೆಗೆ. ಸಾಫ್ಟ್‌ನೆಸ್‌ಗೆ ‘ಅಂಚು ಕರಗಿಸುವುದು’ ಅನ್ನಬಹುದಾ? ವಿಂಡೋದ ಫೆದರಿಗೂ ಅದೇ ಹೇಳಬೇಕಾಗುತ್ತದೆ, ಆದರೆ ಒಂದು ಬಣ್ಣದ ಹರವಿನ ಅಂಚು, ಇನ್ನೊಂದು ಆಕಾರದ ಅಂಚು. ಬೇರೆ ಬೇರೆ ಪದ ಹೊಳೆದವರು ದಯವಿಟ್ಟು ಬರೆಯಿರಿ.